ಕವರಿನ ಮೇಲೆ ಎರಡು ಸಾಲು: ಒಂದು ಘೋಷವಾಕ್ಯವನ್ನು ತಿದ್ದಿದ ಪಾಠ



ಛಂದಸ್ಸಿನ ಪಾಠ ಬಂದಾಗಲೆಲ್ಲ ನಿಮ್ಮಲ್ಲಿ ಯಾರಾದರೂ ಒಬ್ಬರು ಕೇಳುವ ಪ್ರಶ್ನೆ ಒಂದಿದೆ. "ಸರ್, ಲಘು, ಗುರು, ಪ್ರಸ್ತಾರ ಇವೆಲ್ಲ ಪರೀಕ್ಷೆ ಮುಗಿದ ಮೇಲೆ ಯಾವ ಕೆಲಸಕ್ಕ ಬರ್ತಾವ್ರಿ?" ಈ ವರ್ಷ ಆ ಪ್ರಶ್ನೆಗೆ ಉತ್ತರ ನನ್ನ ಮನೆಯಿಂದಲೇ ಬಂತು. ತರಗತಿಯಲ್ಲಿ ನಾವು ಮೂರು ದಿನ ಮಾಡಿದ ಆ ಕೆಲಸವನ್ನು, ಅವತ್ತು ಬಾರದವರಿಗೂ ತಿಳಿಯಲಿ ಎಂದು ಇಲ್ಲಿ ಬರೆದಿದ್ದೇನೆ.

ನಮ್ಮೂರು ಜೇವರ್ಗಿ ತಾಲೂಕಿನ ಇಜೇರಿ. ಅಲ್ಲಿ ನನ್ನ ಆಪಾ ಮತ್ತು ನೆರೆಹೊರೆಯ ಹೆಣ್ಣುಮಕ್ಕಳು ಸೇರಿ ಒಂದು ಸ್ತ್ರೀಶಕ್ತಿ ಸಂಘ ಮಾಡಿಕೊಂಡಿದ್ದಾರೆ. ತಮ್ಮ ಹೊಲದ ತೊಗರಿಯನ್ನು ನೆನೆಹಾಕಿ, ಕೆಮ್ಮಣ್ಣು ಕಲಸಿ, ಬಿಸಿಲಿಗೆ ಒಣಗಿಸಿ, ಒಡೆಸಿ ಬೇಳೆ ಮಾಡುತ್ತಾರೆ. ಹೋದ ವರ್ಷ ಅದನ್ನು ಬರಿ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಜೇವರ್ಗಿಯ ಒಂದು ಕಿರಾಣಿ ಅಂಗಡಿಗೆ ಕೊಟ್ಟಿದ್ದರು. ಅರ್ಧಕ್ಕಿಂತ ಹೆಚ್ಚು ವಾಪಸ್ ಬಂತು. ರುಚಿಯ ದೂರೇನೂ ಇರಲಿಲ್ಲ. ಪಕ್ಕದಲ್ಲಿದ್ದ ಮಿಲ್ಲಿನ ಬೇಳೆ ಪಾಲಿಶ್ ಹೊಡೆದು ಥಳಥಳ ಹೊಳೆಯುತ್ತಿತ್ತು, ಇವರದು ಮಂಕಾಗಿ ಕಾಣುತ್ತಿತ್ತು. ಗಿರಾಕಿಗಳು ಇದನ್ನು ಹಳೇ ಮಾಲು ಎಂದುಕೊಂಡರು.

ಹೀಗಾಗಿ ಈ ಸಲ ಸಂಘದ ಸಾಲದ ಹಣದಲ್ಲಿ ಎರಡು ಸಾವಿರ ಕವರ್ ಛಾಪಿಸುವುದೆಂದು ತೀರ್ಮಾನವಾಯಿತು. ಛಾಪಖಾನೆಯವರು ಒಂದು ನಮೂನೆ ಕಳಿಸಿದ್ದರು. ಶನಿವಾರದೊಳಗೆ ಒಪ್ಪಿಗೆ ಹೇಳಬೇಕು, ಆಮೇಲೆ ಅಕ್ಷರ ಬದಲಿಸಿದರೆ ಅಚ್ಚಿನ ಖರ್ಚು ಮತ್ತೊಮ್ಮೆ. ಆಪಾ ಫೋನಿನಲ್ಲಿ, "ನೀನು ಕನ್ನಡದ ಮಾಸ್ತರ್, ಒಂದು ಸಲ ನೋಡು" ಎಂದಳು. ಅವಳು ಹೇಳಿದ್ದು ದಖನಿಯಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮೂನೆಯ ಮೇಲೆ ಇದ್ದದ್ದು ಇದು:

ಅತ್ಯುತ್ತಮ ಗುಣಮಟ್ಟದ ತೊಗರಿ ಬೇಳೆ.
ನಿಮ್ಮ ಕುಟುಂಬದ ಆರೋಗ್ಯಕ್ಕಾಗಿ ಸರಿಯಾದ ಆಯ್ಕೆ.

ವ್ಯಾಕರಣದಲ್ಲಿ ತಪ್ಪಿಲ್ಲ. ಕಾಗುಣಿತ ಸರಿ ಇದೆ. ಆದರೆ ಈ ಎರಡು ಸಾಲನ್ನು ಓದಿ ಕಣ್ಣು ಮುಚ್ಚಿ, ಮತ್ತೆ ಹೇಳಿ ನೋಡಿ. ತರಗತಿಯಲ್ಲಿ ಓದಿ ತೋರಿಸಿ, ಹಲಗೆ ಒರೆಸಿ, ಹಾಜರಿ ಕರೆದು ಮುಗಿಸಿದ ಮೇಲೆ ಯಾರಿಗೆ ನೆನಪಿದೆ ಎಂದು ಕೇಳಿದೆ. "ಅತ್ಯುತ್ತಮ" ಎಂಬ ಒಂದು ಪದ ಎಲ್ಲರಿಗೂ ನೆನಪಿತ್ತು, ಉಳಿದದ್ದು ಒಬ್ಬರಿಗೂ ಇರಲಿಲ್ಲ. ಹಾಗಾದರೆ ಯಾವ ಸಾಲು ನೆನಪಿದೆ ಎಂದು ಕೇಳಿದರೆ, ಹಿಂದಿನ ಬೆಂಚಿನ ಒಬ್ಬ ಹುಡುಗ, ಅವನ ಅಬ್ಬಾಗೆ ಸಣ್ಣ ಕಿರಾಣಿ ಅಂಗಡಿ ಇದೆ, ಎದ್ದು ನಿಂತು ಹೇಳಿದ: "ಇಂದು ನಗದು, ನಾಳೆ ಉದ್ರಿ." ತರಗತಿಯೆಲ್ಲ ನಕ್ಕಿತು. ನನಗೆ ಬೇಕಾದದ್ದೂ ಅದೇ ಆಗಿತ್ತು. ಅದನ್ನೇ ಹಲಗೆಯ ಮೇಲೆ ಬರೆದೆ.

ಅಂಗಡಿಯ ಈ ಹಲಗೆಯನ್ನು ಯಾವ ಕವಿಯೂ ಬರೆಯಲಿಲ್ಲ, ಆದರೆ ಪ್ರಸ್ತಾರ ಹಾಕಿ ನೋಡಿ. ನೆನಪಿರಲಿ, ಹ್ರಸ್ವ ಸ್ವರದ ಅಕ್ಷರ ಲಘು, ಒಂದು ಮಾತ್ರೆ. ದೀರ್ಘವಿದ್ದರೆ, ಅನುಸ್ವಾರವಿದ್ದರೆ, ಅಥವಾ ಮುಂದೆ ಒತ್ತಕ್ಷರ ಬಂದರೆ ಅದು ಗುರು, ಎರಡು ಮಾತ್ರೆ. ಇಂ-ದು ಮೂರು. ನ-ಗ-ದು ಮೂರು. ನಾ-ಳೆ ಮೂರು. ಉದ್ರಿಯಲ್ಲಿ 'ಉ'ವಿನ ಮುಂದೆ ಒತ್ತಕ್ಷರವಿದೆ, ಆದ್ದರಿಂದ ಉ ಎರಡು, ದ್ರಿ ಒಂದು, ಒಟ್ಟು ಮೂರು. ಮೂರು, ಮೂರು, ಮೂರು, ಮೂರು. ಬೆಂಚಿನ ಮೇಲೆ ಬೆರಳಿನಿಂದ ತಟ್ಟಿದರೆ ಸಮವಾಗಿ ಬೀಳುತ್ತದೆ. ಉತ್ಸಾಹ ರಗಳೆಯಲ್ಲಿ ನೀವು ಕಲಿತ ಮೂರು ಮಾತ್ರೆಯ ಗಣ ಇದೇ. ಜೊತೆಗೆ 'ನಗದು', 'ನಾಳೆ' ಎರಡೂ ನಕಾರದಿಂದ ಶುರುವಾಗುತ್ತವೆ. ಇಂದು, ನಗದು, ಉದ್ರಿ ಮೂರರಲ್ಲೂ ದಕಾರ ಬರುತ್ತದೆ. ಗಿರಾಕಿಗೆ ಬೇಸರವಾಗುವ ಮಾತನ್ನು ಇಷ್ಟು ಸಲೀಸಾಗಿ ಹೇಳಿ ದಾಟಿಸುವುದು ಈ ತಾಳವೇ.

ಇನ್ನೊಂದು, ಗಾದೆ: "ತಾಳಿದವನು ಬಾಳಿಯಾನು." ತಾಳಿ ಮೂರು, ದವನು ಮೂರು, ಬಾಳಿ ಮೂರು, ಯಾನು ಮೂರು. ಇಲ್ಲಿ ತಾಳದ ಮೇಲೆ ಪ್ರಾಸವೂ ಸೇರಿದೆ. ತಾ-ಳಿ, ಬಾ-ಳಿ. ಎರಡನೆಯ ಅಕ್ಷರದ ವ್ಯಂಜನ ಎರಡು ಕಡೆಯೂ ಳಕಾರ, ಅದರ ಹಿಂದಿನ ಸ್ವರ ಎರಡು ಕಡೆಯೂ ದೀರ್ಘ. ಪಠ್ಯದಲ್ಲಿ ಇದಕ್ಕೆ ಗಜಪ್ರಾಸ ಎಂದು ಹೆಸರು.

ಈಗ ಆಪಾಳ ಕವರಿನ ಎರಡನೇ ಸಾಲಿಗೆ ಪ್ರಸ್ತಾರ ಹಾಕಿ. ನಿಮ್ಮ ಮೂರು, ಕುಟುಂಬದ ಐದು, ಆರೋಗ್ಯಕ್ಕಾಗಿ ಒಂಬತ್ತು, ಸರಿಯಾದ ಐದು, ಆಯ್ಕೆ ಮೂರು. ಬೆರಳು ತಟ್ಟಲು ಹೋದರೆ ನಡುವಿನ ಒಂಬತ್ತರಲ್ಲಿ ದಾರಿ ತಪ್ಪುತ್ತದೆ. ಇಡೀ ಸಾಲಿನಲ್ಲಿ ಒಂದು ಶಬ್ದ ಇನ್ನೊಂದಕ್ಕೆ ಓಗೊಡುವುದಿಲ್ಲ. ಮೊದಲ ಸಾಲಿನ ಕಥೆ ಬೇರೆ. ಅತ್ಯುತ್ತಮ ಆರು, ಗುಣಮಟ್ಟದ ಆರು, ತೊಗರಿ ಬೇಳೆ ಆರು. ಲೆಕ್ಕ ಸರಿ ಇದೆ! ಆದರೂ ಅದು ಚಪ್ಪಟೆ. ಏಕೆಂದರೆ ಈ ಮಾತು ಅಕ್ಕಿಗೂ ಸರಿ, ಸಾಬೂನಿಗೂ ಸರಿ, ಸಿಮೆಂಟಿಗೂ ಸರಿ. ಮಾತ್ರೆ ಸರಿಹೋದ ಮಾತ್ರಕ್ಕೆ ಸಾಲು ಜೀವ ತಳೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಇಂಥ ಸಾಲು ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. "ಸರಿಯಾದ ಆಯ್ಕೆ" ಎಂಬುದು ಇಂಗ್ಲಿಷ್ ಜಾಹೀರಾತಿನಿಂದ ಪದಕ್ಕೆ ಪದ ಇಳಿದು ಬಂದ ಮಾತು. ನಮ್ಮ ಕಡೆ ಯಾವ ತಾಯಿಯೂ ಬೇಳೆಯನ್ನು 'ಆಯ್ಕೆ' ಮಾಡುವುದಿಲ್ಲ. ಕೈಯಲ್ಲಿ ಹಿಡಿದು ನೋಡುತ್ತಾಳೆ, ಮೂಸುತ್ತಾಳೆ, ದರ ಕೇಳುತ್ತಾಳೆ, ತಗೊಳ್ಳುತ್ತಾಳೆ.

ಮೊದಲ ದಿನ ಎಲ್ಲರೂ ಒಂದೊಂದು ಸಾಲು ಬರೆದು ತನ್ನಿ ಎಂದೆ. ಮಾರನೇ ದಿನ ಬಂದ ಚೀಟಿಗಳಲ್ಲಿ ಹೆಚ್ಚಿನವು ಈ ತರಹ ಇದ್ದವು: "ನಮ್ಮ ಬೇಳೆ ತಿನ್ನುತ್ತೀರಿ, ಆರೋಗ್ಯದಿಂದ ಬಾಳುತ್ತೀರಿ." ಬರೆದವಳಿಗೆ ಪ್ರಾಸ ಕೂಡಿತೆಂಬ ಸಂತೋಷ. ಆದರೆ ಕೂಡಿದ್ದು ಏನು? 'ಉತ್ತೀರಿ' ಎಂಬ ಪ್ರತ್ಯಯ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅದರ ಕೊನೆಗೆ ಪ್ರತ್ಯಯ ಬರುತ್ತದೆ. ಯಾವ ಎರಡು ವಾಕ್ಯ ಬರೆದರೂ ತುದಿ ತಾನಾಗಿಯೇ ಹೊಂದುತ್ತದೆ. ಬರುತ್ತದೆ, ಹೋಗುತ್ತದೆ, ನಿಲ್ಲುತ್ತದೆ, ಎಲ್ಲವೂ ಪ್ರಾಸವೇ! ಪುಕ್ಕಟೆ ಸಿಗುವುದಕ್ಕೆ ಕಿವಿ ಬೆಲೆ ಕೊಡುವುದಿಲ್ಲ.

ಮನೆಯಲ್ಲಿ ಉರ್ದು ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಜಲ್‌ನಲ್ಲಿ ಸಾಲಿನ ಕೊನೆಗೆ ಹಾಗೆಯೇ ಮರಳಿ ಬರುವ ಪದ ರದೀಫ್. ಅದರ ಹಿಂದೆ ಹೊಂದಿಕೊಂಡು ಬರುವ ಪ್ರಾಸಪದ ಖಾಫಿಯಾ. ರದೀಫ್ ಇಲ್ಲದ ಗಜಲ್ ಇರಬಹುದು, ಖಾಫಿಯಾ ಇಲ್ಲದೆ ಗಜಲ್ ಇಲ್ಲ. ರಾಯಚೂರು ಜಿಲ್ಲೆಯ ಶಾಂತರಸರು ಗಜಲನ್ನು ಕನ್ನಡಕ್ಕೆ ತಂದಾಗ ಈ ನಿಯಮವನ್ನೂ ತಂದರು. 'ತಿನ್ನುತ್ತೀರಿ, ಬಾಳುತ್ತೀರಿ' ಎಂಬುದರಲ್ಲಿ ರದೀಫ್ ಮಾತ್ರ ಇದೆ. ತಿನ್ನು, ಬಾಳು ಎಂಬ ಧಾತುಗಳಲ್ಲಿ ಖಾಫಿಯಾ ಇಲ್ಲ. ಅದೇ "ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆ ನೋಡಿ. ಕೆಸರು, ಮೊಸರು. ಇಲ್ಲಿ ಹೊಂದಿದ್ದು ಪದದ ಒಡಲು, ಬಾಲವಲ್ಲ. ಅದಕ್ಕೇ ಅದು ತಲೆಮಾರುಗಳಿಂದ ಬಾಯಲ್ಲಿ ಉಳಿದಿದೆ.

ಕನ್ನಡದಲ್ಲಿ ಪದದ ಮೂಲ ಮುಂದೆ ಇರುತ್ತದೆ, ವಿಭಕ್ತಿ, ಪ್ರತ್ಯಯ ಎಲ್ಲ ಹಿಂದೆ ಅಂಟುತ್ತವೆ. ಮಾತಿನಲ್ಲಿಯೂ ಮೊದಲ ಅಕ್ಷರದ ಮೇಲೆಯೇ ನಮ್ಮ ಒತ್ತು ಬೀಳುತ್ತದೆ. ಆದ್ದರಿಂದ ಹೊಂದಿಕೆಯನ್ನು ಪದದ ಮುಂಭಾಗದಲ್ಲಿ ಇಟ್ಟರೆ ಕಿವಿಗೆ ಬೇಗ ತಾಕುತ್ತದೆ. ನಮ್ಮ ಹಿರಿಯರು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಇಟ್ಟದ್ದಕ್ಕೆ ಈ ಕಾರಣವೂ ಇರಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯ ಮಳಖೇಡದಲ್ಲಿ, ಅಂದಿನ ಮಾನ್ಯಖೇಟದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' 9ನೇ ಶತಮಾನದಲ್ಲಿಯೇ ಪ್ರಾಸದ ಚರ್ಚೆ ಮಾಡಿದೆ. ಮುಂದೆ 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಆದಿಪ್ರಾಸವನ್ನು ಬಿಟ್ಟು ಬರೆಯಲು ಹೊರಟರು, ಏಕೆಂದರೆ ಪ್ರತಿ ಸಾಲಿಗೂ ಅದು ಕಡ್ಡಾಯವಾದರೆ ಕವಿಯ ಕೈ ಕಟ್ಟುತ್ತದೆ. ದೊಡ್ಡ ಕಾವ್ಯಕ್ಕೆ ಆ ಮಾತು ಸರಿ. ಆದರೆ ನಮಗೆ ಬೇಕಾದದ್ದು ಬರೀ ಎರಡು ಸಾಲು. ಎರಡು ಸಾಲಿಗೆ ಆದಿಪ್ರಾಸ ಭಾರವಲ್ಲ.

ಎರಡನೇ ದಿನ ನಿಜವಾದ ಕೆಲಸ ಶುರುವಾಯಿತು. ಮೊದಲು ಹೇಳಬೇಕಾದ ವಿಷಯ ಯಾವುದು ಎಂದು ಕೇಳಿದೆ. ಒಬ್ಬ, "ಸರ್, ನಮ್ಮ ಬ್ಯಾಳಿಗೆ ಜಿಐ ಬಂದದ, ಅದನ್ನ ಹಾಕೋಣ್ರಿ" ಎಂದ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದು ನಿಜ. ಆದರೆ ಕಾನೂನಿನ ಪ್ರಕಾರ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರಷ್ಟೇ ಆ ಹೆಸರನ್ನು, ಗುರುತನ್ನು ಹಾಕಬಹುದು. ಸಂಘ ಇನ್ನೂ ನೋಂದಾಯಿಸಿಲ್ಲ. ಇನ್ನೊಬ್ಬಳು 'ಜವಾರಿ' ಎಂಬ ಪದ ಕೊಟ್ಟಳು. ಕೇಳಲು ಸೊಗಸು, ಆದರೆ ಆಪಾ ಬಿತ್ತಿದ್ದು ಟಿಎಸ್-3ಆರ್ ತಳಿ, ಅದು ಸಂಶೋಧನಾ ಕೇಂದ್ರದ ಬೀಜ. ಮತ್ತೊಬ್ಬ 'ಭೀಮಾ ತೀರದ ಬೇಳೆ' ಎಂದ. ಆಪಾಳ ಹೊಲ ಮಳೆಯನ್ನೇ ನಂಬಿದ ಹೊಲ, ಹೊಳೆ ದಂಡೆಗೆ ಇಲ್ಲ. ಸುಳ್ಳಿನ ಮೇಲೆ ಎಷ್ಟು ಚೆಂದದ ಪ್ರಾಸ ಕಟ್ಟಿದರೂ ಕವರ್ ಬಿಚ್ಚಿದ ಮೇಲೆ ಅದು ನಿಲ್ಲುವುದಿಲ್ಲ. (ಭೀಮಾ ತೀರ ಎಂದರೆ ಪತ್ರಿಕೆ ಓದುವವರಿಗೆ ಬೇಳೆಗಿಂತ ಮೊದಲು ಬೇರೇನೋ ನೆನಪಾಗುತ್ತದೆ, ಅದು ಬೇರೆ ಮಾತು.)

ಉಳಿದದ್ದು ಎರಡು ನಿಜ. ಒಂದು, ಇದು ಕರಿ ಮಣ್ಣಿನ ಹೊಲದ ತೊಗರಿ. ಎರಡು, ಇದಕ್ಕೆ ಪಾಲಿಶ್ ಇಲ್ಲ, ಅದಕ್ಕೇ ಮಂಕು, ಆದರೆ ಬೇಯಿಸಿದಾಗ ಬರುವ ವಾಸನೆ ಬೇರೆಯೇ. ಹೋದ ವರ್ಷ ಮಾಲು ವಾಪಸ್ ಬಂದದ್ದು ಈ ಮಂಕಿನಿಂದ. ಅಂದರೆ ನಮ್ಮ ಸಾಲು ಮಾಡಬೇಕಾದ ಕೆಲಸ ಇದು: ಗಿರಾಕಿ ಯಾವುದನ್ನು ಕುಂದು ಎಂದು ತಿಳಿದಳೋ ಅದನ್ನೇ ಗುಣವಾಗಿ ತೋರಿಸಬೇಕು.

ಆಮೇಲೆ ಪದಗಳನ್ನು ಕೂಡಿಸಿದೆವು. ಇದು ಎಲ್ಲರೂ ಮಾಡಬಹುದಾದ ಕೆಲಸ. ಹಲಗೆಯ ನಡುವೆ ಮುಖ್ಯ ಪದ ಬರೆದು, ಅದರ ಎರಡನೆಯ ವ್ಯಂಜನಕ್ಕೆ ಹೊಂದುವ ಪದಗಳನ್ನು ಸುತ್ತಲೂ ಬರೆಯುತ್ತ ಹೋಗಬೇಕು, ಅರ್ಥವನ್ನು ಆಗಲೇ ನೋಡಬಾರದು. ಬೇಳೆಗೆ ನಾಳೆ, ವೇಳೆ, ಮಾಳಿಗೆ, ಬಾಳು, ಕಾಳು ಬಂದವು. ತೊಗರಿಗೆ ಸೊಗಡು, ಸೊಗಸು, ನಗು, ಬಿಗಿ, ಹಗುರ ಬಂದವು. ಮಂಕಿನ ಎದುರು ಪದ ಹೊಳಪು. ಅದಕ್ಕೆ ಹುಳುಕು, ತಿಳಿ, ಬೆಳಗು.

ಮೊದಲು ಸಿದ್ಧವಾದ ಸಾಲು: "ನಮ್ಮ ಬೇಳೆ, ನಿಮ್ಮ ನಾಳೆ." ನಾಲ್ಕು ಗಣವೂ ಮೂರು ಮಾತ್ರೆ. ನಮ್ಮ, ನಿಮ್ಮ ಹೊಂದುತ್ತವೆ. ಬೇಳೆ, ನಾಳೆ ಹೊಂದುತ್ತವೆ. ತರಗತಿ ಚಪ್ಪಾಳೆ ತಟ್ಟಿತು. ನಾನು ಕೇಳಿದೆ, ಇದರ ಅರ್ಥವೇನು? ಯಾರೂ ಮಾತಾಡಲಿಲ್ಲ. ವಿಮಾ ಪಾಲಿಸಿಗೆ ಇದ್ದರೆ ಸರಿಹೋಗುತ್ತಿತ್ತೇನೋ. ಕಿರಾಣಿ ಅಂಗಡಿಯ ಹುಡುಗ ಮೆಲ್ಲಗೆ, "ಸರ್, ಅಂಗಡ್ಯಾಗ ನಾಳಿ ಅಂದ್ರ ಉದ್ರಿ ನೆನಪಾಗ್ತದ್ರಿ" ಎಂದ. ಆ ಸಾಲು ಅಲ್ಲಿಗೇ ಬಿತ್ತು.

ಎರಡನೆಯದು ನನಗೇ ತುಂಬ ಇಷ್ಟವಾಗಿತ್ತು, ಆ ರಾತ್ರಿ ನಾನೇ ಬರೆದದ್ದು: "ಹೊಳಪಿಲ್ಲ, ಹುಳುಕಿಲ್ಲ." ಐದು ಮಾತ್ರೆ, ಐದು ಮಾತ್ರೆ. ಎರಡೂ ಹಕಾರದಿಂದ ಶುರು, ಎರಡನೆಯ ಅಕ್ಷರ ಎರಡರಲ್ಲೂ ಳಕಾರ, ಹಿಂದಿನ ಸ್ವರ ಹ್ರಸ್ವ, ಆದ್ದರಿಂದ ಸಿಂಹಪ್ರಾಸ. ಪಾಲಿಶ್ ಇಲ್ಲ ಎಂಬ ಮಾತೂ ಬಂತು. ಹೆಮ್ಮೆಯಿಂದ ಆಪಾಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟದ ಸಾಮಾನಿನ ಮೇಲೆ ಹುಳದ ಹೆಸರು ಯಾಕೆ ಬರೆಯುತ್ತೀ?" ಎಂದಳು. ನಿಜ. 'ಇಲ್ಲ' ಎಂಬುದನ್ನು ಕಿವಿ ಆಮೇಲೆ ಕೇಳುತ್ತದೆ, 'ಹುಳುಕು' ಮೊದಲು ಒಳಗೆ ಹೋಗಿ ಕೂತಿರುತ್ತದೆ. ಅದೂ ಅಲ್ಲದೆ, ಆರು ತಿಂಗಳು ಅಂಗಡಿಯಲ್ಲಿ ಕೂತ ಬೇಳೆಗೆ ಹುಳ ಬೀಳುವುದಿಲ್ಲ ಎಂದು ಯಾರು ಹೊಣೆ ಹೊರುತ್ತಾರೆ? ಕನ್ನಡ ಎಂ.ಎ. ಮಾಡಿದ ನನಗೆ ಹೊಳೆಯದ್ದು ಏಳನೇ ಇಯತ್ತೆಗೆ ಶಾಲೆ ಬಿಟ್ಟ ಆಪಾಗೆ ಹೊಳೆಯಿತು. ಆ ಚೀಟಿ ಹರಿದು ಹಾಕಿದೆ.

ಆದರೆ ಆ ಸೋಲಿನಿಂದ ಒಂದು ಲಾಭವಾಯಿತು. ಹೊಳಪಿಗೆ ಬದಲು ಬೇರೆ ಪದ ಹುಡುಕುವಾಗ ಮೂರನೇ ದಿನ ಒಬ್ಬ ವಿದ್ಯಾರ್ಥಿನಿ 'ಬೆಡಗು' ಎಂದಳು. ಬೆಡಗು ಎಂದರೆ ಮೇಲಿನ ಶೃಂಗಾರ, ಕಣ್ಣಿಗೆ ಕಾಣುವ ಥಳಕು. ಅದನ್ನು 'ಸೊಗಡು' ಪದದ ಪಕ್ಕ ಬರೆದೆ. ಬೆ-ಡ-ಗು. ಸೊ-ಗ-ಡು. ಒಂದರಲ್ಲಿ ಡ, ಗ. ಇನ್ನೊಂದರಲ್ಲಿ ಗ, ಡ. ಕನ್ನಡಿಯಲ್ಲಿ ತಿರುಗಿದ ಹಾಗೆ. ಎರಡೂ ಮೂರು ಲಘುವಿನ ಪದಗಳು. ಅರ್ಥದಲ್ಲಿ ಒಂದು ಹೊರಗಿನದು, ಇನ್ನೊಂದು ಒಳಗಿನದು. ಇಷ್ಟು ಸಿಕ್ಕ ಮೇಲೆ ಸಾಲು ತಾನೇ ನಡೆದು ಬಂತು:

ಬೆಡಗು ಬೇಡ, ಸೊಗಡು ಸಾಕು

ಮೂರು, ಮೂರು, ಮೂರು, ಮೂರು. ಬೆಡಗಿಗೆ ಬೇಡ, ಸೊಗಡಿಗೆ ಸಾಕು, ಮೊದಲಕ್ಷರಗಳೂ ಜೋಡಿ. ಇದೇ ಆಯಿತು ಎಂದು ಚಾಕ್‌ಪೀಸು ಕೆಳಗಿಡುವಷ್ಟರಲ್ಲಿ ಮುಂದಿನ ಬೆಂಚಿನಿಂದ ಒಂದು ದನಿ: "ಸರ್, ಸಾಕು ಅಂದ್ರ ಊಟದಾಗ ತಟ್ಟಿಗೆ ಕೈ ಅಡ್ಡ ಹಿಡಿದಂಗ ಆಗ್ತದ್ರಿ." ಬಡಿಸುವಾಗ ಬೇಡ ಎನ್ನಲು ನಾವು 'ಸಾಕು, ಸಾಕು' ಎನ್ನುತ್ತೇವಲ್ಲ. ಬೇಳೆಯ ಕವರಿನ ಮೇಲೆ ಅದೇ ಪದ ಬಂದರೆ ಹೇಗೆ? ಒಪ್ಪಿಕೊಂಡೆ. 'ನೋಡು' ಇಟ್ಟು ನೋಡಿದೆವು, ಸೊಗಡನ್ನು ನೋಡುವುದು ಹೇಗೆ ಎಂದಾಯಿತು. ಕೊನೆಗೆ 'ಬೇಕು' ಬಂತು.

ಬೆಡಗು ಬೇಡ, ಸೊಗಡು ಬೇಕು

'ಸಾಕು' ಬಿಟ್ಟಾಗ ಸೊ, ಸಾ ಜೋಡಿ ಹೋಯಿತು. ಬದಲಿಗೆ ಬೇಡ, ಬೇಕು ಎಂಬ ಜೋಡಿ ಬಂತು. ಇದು ಮೊದಲಿನದಕ್ಕಿಂತ ಗಟ್ಟಿ, ಏಕೆಂದರೆ ಮಗು ಮಾತು ಕಲಿಯುವಾಗಲೇ ಕಲಿಯುವ ಜೋಡಿ ಇದು. ಇನ್ನೊಂದು ಬದಲಾವಣೆಯೂ ಆಯಿತು. 'ಸಾಕು' ಎಂದಾಗ ಮಾತು ಅಂಗಡಿಯವನದು, ಗಿರಾಕಿಗೆ ಬುದ್ಧಿ ಹೇಳಿದ ಹಾಗೆ. 'ಬೇಕು' ಎಂದಾಗ ಮಾತು ಕೊಳ್ಳುವವಳದೇ ಆಗುತ್ತದೆ. ಅಂಗಡಿಯ ಮುಂದೆ ನಿಂತು ಅವಳು ಹೇಳುವ ಮಾತನ್ನೇ ಕವರ್ ಹೇಳುತ್ತಿದೆ.

ಇಷ್ಟಾದ ಮೇಲೂ ಒಂದು ಪರೀಕ್ಷೆ ಉಳಿದಿತ್ತು. ವಸ್ತುವಿನ ಹೆಸರು ಮುಚ್ಚಿ ಸಾಲನ್ನು ಮಾತ್ರ ಓದಿದರೆ ಇದು ಯಾವುದರ ಜಾಹೀರಾತು? "ಊದಿನಕಡ್ಡಿ" ಎಂದರು ಇಬ್ಬರು. ಸೊಗಡು ಎಂಬ ಪದವೇ ಅದಕ್ಕೆ ಕಾರಣ. ಆದ್ದರಿಂದ ಎರಡನೇ ಸಾಲಿನಲ್ಲಿ ವಸ್ತು ಬರಲೇಬೇಕು, ಅದೂ ಇದೇ ತಾಳದಲ್ಲಿ. 'ತೊಗರಿ ಬೇಳೆ' ಮೊದಲೇ ಮೂರು, ಮೂರು. ಅದರ ಹಿಂದೆ ಇನ್ನು ಎರಡು ಗಣ ಬೇಕು. 'ಎರೆಯ ಹೊಲದ' ಎಂದರೆ ಲೆಕ್ಕ ಸರಿ, ಆದರೆ ಎರೆ ಎಂದರೆ ಎರೆಹುಳುವೂ ಹೌದು. ಮತ್ತೆ ಹುಳ! ಈ ಸಲ ನಾನೇ ಮೊದಲು ಎಚ್ಚೆತ್ತೆ. ಹೀಗೆ ಆಯಿತು:

ಬೆಡಗು ಬೇಡ, ಸೊಗಡು ಬೇಕು
ಕರಿಯ ನೆಲದ ತೊಗರಿ ಬೇಳೆ

ಎರಡನ್ನೂ ಒಂದರ ಕೆಳಗೊಂದು ಬರೆದಾಗ ನಾವು ಹುಡುಕದೆಯೇ ಬಂದ ಹೊಂದಿಕೆಗಳು ಕಂಡವು. ಮೂರನೇ ಗಣದಲ್ಲಿ ಮೇಲೆ ಸೊಗಡು, ಕೆಳಗೆ ತೊಗರಿ. ನಾಲ್ಕನೇ ಗಣದಲ್ಲಿ ಮೇಲೆ ಬೇಕು, ಕೆಳಗೆ ಬೇಳೆ. ಕರಿಯ ಎಂಬುದರ 'ರಿ' ತೊಗರಿಯಲ್ಲಿ ಮತ್ತೆ ಕೇಳಿಸುತ್ತದೆ. ಸಾಲಿನ ಕೊನೆಯ ಅಂತ್ಯಪ್ರಾಸ ಇಲ್ಲ, ಶಾಸ್ತ್ರದ ಪ್ರಕಾರ ಸಾಲಿನ ಮೊದಲಲ್ಲಿ ಆದಿಪ್ರಾಸವೂ ಇಲ್ಲ. ಪರೀಕ್ಷೆಯಲ್ಲಿ ಇದನ್ನು ಆದಿಪ್ರಾಸಕ್ಕೆ ಉದಾಹರಣೆ ಕೊಟ್ಟರೆ ನಾನು ಅಂಕ ಕೊಡುವುದಿಲ್ಲ. ಆದರೆ ಕಿವಿಗೆ ಕೊರತೆ ಎನಿಸಲಿಲ್ಲ. ಇನ್ನೂ ತುರುಕಿದ್ದರೆ ಒಗಟಾಗುತ್ತಿತ್ತು.

ಸಂಜೆ ಊರಿಗೆ ಹೋಗಿ ಸಂಘದವರಿಗೆ ಓದಿಸಿದೆ. ಇದು ಬಹಳ ಮುಖ್ಯವಾದ ಹೆಜ್ಜೆ. ಪುಸ್ತಕದ ಕನ್ನಡದಲ್ಲಿ ಕೂಡಿದ ಸಾಲು ನಮ್ಮ ಕಡೆಯ ನಾಲಿಗೆಯಲ್ಲಿ ಮುರಿಯಬಹುದು. ಅವರು ಓದಿದ್ದು ಹೀಗೆ: "ಬೆಡಗು ಬ್ಯಾಡ, ಸೊಗಡು ಬೇಕು, ಕರೀ ನೆಲ್ದ ತೊಗರಿ ಬ್ಯಾಳಿ." ನಾನು ಅಲ್ಲೇ ಬೆರಳು ಮಡಚಿ ಎಣಿಸಿದೆ. ಬ್ಯಾ ಎರಡು, ಡ ಒಂದು, ಮೂರು. ಕರಿಯ ಎಂಬುದು 'ಕರೀ' ಆದರೂ ಕೊನೆ ದೀರ್ಘವಾಗಿ ಮೂರೇ. ನೆಲದ ಎಂಬುದು 'ನೆಲ್ದ' ಆದಾಗ ಒತ್ತಕ್ಷರದ ಹಿಂದಿನ 'ನೆ' ಗುರುವಾಗಿ ಮತ್ತೆ ಮೂರು. ಒಂದು ಅಕ್ಷರ ನುಂಗಿದರೂ ನಾಲಿಗೆ ಮಾತ್ರೆಯನ್ನು ಬಿಟ್ಟುಕೊಡಲಿಲ್ಲ. ಪ್ರಸ್ತಾರ ಗೊತ್ತಿಲ್ಲದವರ ಬಾಯಲ್ಲಿ ಪ್ರಸ್ತಾರ ಹೀಗೆ ಸರಿಹೋಗುವುದನ್ನು ನೋಡಿ ನನಗೆ ತುಂಬ ಖುಷಿಯಾಯಿತು.

ಹಾಗಾದರೆ 'ಬ್ಯಾಡ', 'ಬ್ಯಾಳಿ' ಎಂದೇ ಛಾಪಿಸೋಣವೇ ಎಂದು ಕೇಳಿದೆ. ನನಗೆ ಮನಸ್ಸಿತ್ತು. ಸಂಘದವರು ಒಪ್ಪಲಿಲ್ಲ. "ಓದು ಬರದವ್ರು ಬರ್ದಾರ ಅಂತಾರ್ರಿ" ಎಂದರು ಒಬ್ಬ ಅಜ್ಜಿ. ಅವರ ಮಾಲು, ಅವರ ಮಾನ. ಬರೆದದ್ದು ಪುಸ್ತಕದ ಕನ್ನಡವಾಗಿರಲಿ, ಓದುವವರು ತಮ್ಮ ಬಾಯಿಗೆ ಬಂದಂತೆ ಓದಿಕೊಳ್ಳಲಿ ಎಂದಾಯಿತು. ಎರಡೂ ರೀತಿಯಲ್ಲಿ ತಾಳ ನಿಲ್ಲುತ್ತದೆ ಎಂದು ಆಗಲೇ ಗೊತ್ತಾಗಿತ್ತು. 'ಬೆಡಗು' ಎಂಬುದು ಇಲ್ಲಿ ಪಾಲಿಶ್ ಎಂಬ ಅರ್ಥದಲ್ಲಿ ಬಂದಿದೆ ಎಂದು ಎಲ್ಲರಿಗೂ ಹೊಳೆಯಲಿಕ್ಕಿಲ್ಲ. ಅದಕ್ಕೆ ಕೆಳಗೆ ಸಣ್ಣ ಅಕ್ಷರದಲ್ಲಿ 'ಪಾಲಿಶ್ ಮಾಡದ ಬೇಳೆ' ಎಂದು ಸಾದಾ ಮಾತಿನಲ್ಲಿ ಸೇರಿಸಿದೆವು. ಘೋಷವಾಕ್ಯ ಎಲ್ಲವನ್ನೂ ಹೊರಬೇಕಾಗಿಲ್ಲ.

ಶನಿವಾರ ಛಾಪಖಾನೆಯಿಂದ ತಿದ್ದಿದ ನಮೂನೆ ಬಂತು. ಜಾಗ ಸಾಲದೆಂದು ಅವರು ಸಾಲನ್ನು ಹೀಗೆ ಒಡೆದಿದ್ದರು: 'ಬೆಡಗು ಬೇಡ, ಸೊಗಡು' ಒಂದು ಸಾಲು, 'ಬೇಕು ಕರಿಯ ನೆಲದ' ಇನ್ನೊಂದು, 'ತೊಗರಿ ಬೇಳೆ' ಮೂರನೆಯದು. ಅಕ್ಷರ ಒಂದೂ ಬದಲಾಗಿಲ್ಲ, ಆದರೆ ತಾಳ ಪೂರ್ತಿ ಹೋಗಿತ್ತು. ಕಣ್ಣು ಸಾಲಿನ ಕೊನೆಗೆ ನಿಲ್ಲುತ್ತದೆ, ಅಲ್ಲೇ ಉಸಿರೂ ನಿಲ್ಲುತ್ತದೆ. 'ಸೊಗಡು' ಎಂದು ನಿಂತು ಮುಂದೆ 'ಬೇಕು ಕರಿಯ' ಎಂದು ಶುರು ಮಾಡಿದರೆ, ಬೇಡ, ಬೇಕು ಎಂಬ ಜೋಡಿ ಮುರಿದೇ ಹೋಗುತ್ತದೆ. ಅಕ್ಷರ ಸಣ್ಣದಾದರೂ ಚಿಂತೆಯಿಲ್ಲ, ಎರಡೇ ಸಾಲು ಇರಲಿ, ಅಲ್ಪವಿರಾಮ 'ಬೇಡ'ದ ಮುಂದೆಯೇ ಬರಲಿ ಎಂದು ಹೇಳಿ ಸರಿಮಾಡಿಸಿದೆ.

ಈಗ ಕವರ್ ಬಂದಿವೆ. ಹೋದ ವರ್ಷ ಮಾಲು ತಿರುಗಿಸಿದ ಅದೇ ಅಂಗಡಿಯವರು ಮೊದಲು ಐವತ್ತು ಪ್ಯಾಕೆಟ್ ಇಟ್ಟುಕೊಂಡಿದ್ದಾರೆ. ಒಂದನ್ನು ಕೈಯಲ್ಲಿ ಹಿಡಿದು ಜೋರಾಗಿ ಓದಿ, "ಬೆಡಗು ಬ್ಯಾಡ ಅಂದ್ರ ಪಾಲಿಶ್ ಬ್ಯಾಡ ಅಂತ ಹೌದಿಲ್ರಿ ಮಾಸ್ತರ?" ಎಂದು ಕೇಳಿದರು. ಕೆಳಗಿನ ಸಣ್ಣ ಅಕ್ಷರ ಅವರು ಇನ್ನೂ ನೋಡಿರಲಿಲ್ಲ. ಎಷ್ಟು ಮಾರಾಟವಾಗುತ್ತದೋ ಹಬ್ಬದ ನಂತರ ಲೆಕ್ಕ ಸಿಗುತ್ತದೆ.

ಆಪಾ ಆಗಲೇ ಇನ್ನೊಂದು ಕೆಲಸ ಕ‌ೊಟ್ಟಿದ್ದಾಳೆ. ಮುಂದಿನದು ಶೇಂಗಾ ಹಿಂಡಿ. ಶೇಂಗಾ ನಾಲ್ಕು ಮಾತ್ರೆ, ಹಿಂಡಿ ಮೂರು, ಒಟ್ಟು ಏಳು, ಅಂದರೆ ಈ ಸಲದ ಮೂರರ ತಾಳ ನಡೆಯುವುದಿಲ್ಲ. ಎರಡೂ ಪದಗಳ ಮೊದಲಕ್ಷರದಲ್ಲಿ ಅನುಸ್ವಾರ ಇದೆ, ವೃಷಭಪ್ರಾಸಕ್ಕೆ ದಾರಿ ಇದೆ. ಹಿಂಡಿ, ತಿಂಡಿ, ಬಂಡಿ ಎಂದು ನಾನು ಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದೇನೆ, ಒರೆಸಬೇಡಿ. ಸಂಘದವರು ಅದಕ್ಕೆ ಹಾಕುವುದು ಶೇಂಗಾ, ಕೆಂಪು ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಇಷ್ಟೇ. ಇದರಾಚೆಗಿನ ಯಾವ ಮಾತೂ ಸಾಲಿನಲ್ಲಿ ಬರಬಾರದು. ಚೀಟಿಗಳನ್ನು ಗುರುವಾರದೊಳಗೆ ಸಿಬ್ಬಂದಿ ಕೋಣೆಯ ನನ್ನ ಮೇಜಿನ ಮೇಲೆ ಇಡಿ, ಪ್ರಸ್ತಾರ ಹಾಕಿಯೇ ಕೊಡಿ.